ಮೂರು ಸಾಲಿನ ಮಾತು: ಪತ್ರಿಕೆಗೆ ತಜ್ಞರ ಪ್ರತಿಕ್ರಿಯೆ

ಕನ್ನಡ ದಿನಪತ್ರಿಕೆಗಳ ವಿಶೇಷ ವರದಿಯ ಕೊನೆಯಲ್ಲೋ ಪಕ್ಕದಲ್ಲೋ ಒಂದು ಚಿಕ್ಕ ಚೌಕಟ್ಟು ಇರುತ್ತದೆ. ಅದರಲ್ಲಿ ಅಂಚೆಚೀಟಿಯಷ್ಟು ಭಾವಚಿತ್ರ, ಮೂರು ಅಥವಾ ನಾಲ್ಕು ಸಾಲಿನ ಮಾತು, ಅದರ ಕೆಳಗೆ ಹೆಸರು ಮತ್ತು ಹುದ್ದೆ. ಪತ್ರಿಕಾ ಕಚೇರಿಯಲ್ಲಿ ಇದಕ್ಕೆ ‘ಕೋಟ್’ ಎನ್ನುತ್ತಾರೆ, ಟಿ.ವಿ.ಯವರು ‘ಬೈಟ್’ ಎನ್ನುತ್ತಾರೆ. ವರದಿಯಲ್ಲಿ ಬರುವ ಬೆಳೆಗಾರ, ರೋಗಿ ಅಥವಾ ಪ್ರಯಾಣಿಕ ತನಗಾದದ್ದನ್ನು ಹೇಳುತ್ತಾನೆ. ಅಧಿಕಾರಿ ಇಲಾಖೆ ಮಾಡಿದ್ದನ್ನು ಹೇಳುತ್ತಾನೆ. ಹೀಗೇಕೆ ಆಯಿತು, ಮುಂದೇನು ಎಂದು ಹೇಳಲು ಈ ಎರಡೂ ಕಡೆಗೆ ಸೇರದ ಒಬ್ಬರು ಬೇಕಾಗುತ್ತಾರೆ. ಆ ಜಾಗ ತಜ್ಞರದ್ದು. ವರದಿಗಾರ ಸ್ವತಃ ವಿಷಯವನ್ನು ಓದಿಕೊಂಡಿದ್ದರೂ ಅದನ್ನು ತನ್ನ ಮಾತಾಗಿ ಬರೆಯುವಂತಿಲ್ಲ. ಬಲ್ಲವರೊಬ್ಬರ ಹೆಸರಿನಲ್ಲೇ ಅದು ಬರಬೇಕು. ಹೀಗಾಗಿ ಆತನಿಗೆ ತಜ್ಞರ ಹುಡುಕಾಟ ದಿನನಿತ್ಯದ ಕೆಲಸ.

ಆ ಹುಡುಕಾಟ ಬಹುಪಾಲು ಫೋನ್ ಪುಸ್ತಕದಲ್ಲೇ ಮುಗಿಯುತ್ತದೆ. ಹಿಂದೊಮ್ಮೆ ಫೋನ್ ಎತ್ತಿದವರು, ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿದವರು ಮತ್ತೆ ಮತ್ತೆ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ವಿದೇಶಗಳಲ್ಲಿ ಇದಕ್ಕೆ ಸಂಘಟಿತ ವ್ಯವಸ್ಥೆಗಳು ಹುಟ್ಟಿಕೊಂಡಿವೆ. ಅಮೆರಿಕದಲ್ಲಿ ಪೀಟರ್ ಶಾಂಕ್‌ಮನ್ 2008ರಲ್ಲಿ ‘ಹೆಲ್ಪ್ ಎ ರಿಪೋರ್ಟರ್ ಔಟ್’ ಎಂಬ ಸೇವೆ ಆರಂಭಿಸಿದರು. ಪತ್ರಕರ್ತರ ಪ್ರಶ್ನೆಗಳನ್ನೆಲ್ಲ ಒಟ್ಟುಗೂಡಿಸಿ, ಕೆಲಸದ ದಿನಗಳಲ್ಲಿ ಮೂರು ಹೊತ್ತು ಇಮೇಲ್ ಮೂಲಕ ಚಂದಾದಾರರಿಗೆ ಕಳುಹಿಸುವುದು ಅದರ ಕ್ರಮ. ಯಾವ ಪತ್ರಿಕೆ, ಏನು ವಿಷಯ, ಎಂಥವರು ಬೇಕು, ಎಷ್ಟು ಗಂಟೆಯೊಳಗೆ ಬೇಕು ಎಂಬುದಷ್ಟೇ ಆ ಪ್ರಶ್ನೆಯಲ್ಲಿರುತ್ತಿತ್ತು. ಬಲ್ಲವರು ನೇರವಾಗಿ ಉತ್ತರ ಬರೆಯುತ್ತಿದ್ದರು. ವೈರಸ್ ಭಯದಿಂದ ಲಗತ್ತುಗಳಿಗೆ ಅವಕಾಶವಿರಲಿಲ್ಲ, ಹೇಳುವುದನ್ನೆಲ್ಲ ಪತ್ರದ ಒಡಲಲ್ಲೇ ಹೇಳಬೇಕಿತ್ತು. ಈ ಸೇವೆ 2010ರಲ್ಲಿ ವೋಕಸ್ ಕಂಪನಿಗೆ ಮಾರಾಟವಾಯಿತು, ಆಮೇಲೆ ಸಿಶನ್ ಕಂಪನಿಯ ಪಾಲಾಯಿತು, ಹೆಸರು ಬದಲಿಸಿಕೊಂಡು 2024ರ ಡಿಸೆಂಬರಿನಲ್ಲಿ ನಿಂತಿತು. ಮರುವರ್ಷ ಇನ್ನೊಂದು ಕಂಪನಿಯ ಕೈಯಲ್ಲಿ ಹಳೆಯ ಹೆಸರಿನಲ್ಲೇ ಮತ್ತೆ ಶುರುವಾಯಿತು.

ಬ್ರಿಟನ್ನಿನ ದಾರಿ ಬೇರೆ. ಕುಲಾಂತರಿ ಆಹಾರ ಮತ್ತು ಎಂಎಂಆರ್ ಲಸಿಕೆಯ ವಿವಾದಗಳಲ್ಲಿ ವಿಜ್ಞಾನಿಗಳ ದನಿ ಸಮಯಕ್ಕೆ ಸರಿಯಾಗಿ ಪತ್ರಿಕೆಗಳಿಗೆ ತಲುಪಲಿಲ್ಲ ಎಂಬ ಕೊರಗಿನಿಂದ 2002ರಲ್ಲಿ ಅಲ್ಲಿ ಸೈನ್ಸ್ ಮೀಡಿಯಾ ಸೆಂಟರ್ ಆರಂಭವಾಯಿತು. ಭೂಕಂಪವೋ ಹೊಸ ಸೋಂಕೋ ಸುದ್ದಿಯಾದ ಕೂಡಲೇ ಆ ಕೇಂದ್ರ ತನ್ನ ಪಟ್ಟಿಯಲ್ಲಿರುವ ವಿಜ್ಞಾನಿಗಳಿಂದ ಎರಡು ಮೂರು ಪುಟ್ಟ ಪ್ಯಾರಾಗಳ ಪ್ರತಿಕ್ರಿಯೆ ಪಡೆದು ಎಲ್ಲ ಪತ್ರಿಕೆಗಳಿಗೂ ಒಟ್ಟಿಗೆ ಕಳುಹಿಸುತ್ತದೆ. ಪ್ರತಿಕ್ರಿಯೆಯ ಜೊತೆಗೇ ಆ ವಿಜ್ಞಾನಿಗೆ ಯಾವ ಕಂಪನಿಯೊಂದಿಗೆ ಸಂಬಂಧವಿದೆ ಎಂಬುದನ್ನೂ ಪ್ರಕಟಿಸುತ್ತದೆ. ಕರ್ನಾಟಕದಲ್ಲಿ ವಿಶ್ವವಿದ್ಯಾಲಯಗಳ ಸಾರ್ವಜನಿಕ ಸಂಪರ್ಕ ವಿಭಾಗಗಳು ಈ ಕೆಲಸವನ್ನು ಅಲ್ಪಸ್ವಲ್ಪ ಮಾಡುತ್ತವೆ. ಉಳಿದದ್ದೆಲ್ಲ ವರದಿಗಾರ ಮತ್ತು ತಜ್ಞರ ನಡುವಿನ ನೇರ ಪರಿಚಯದ ಮೇಲೆ, ಈಚೆಗೆ ವಾಟ್ಸ್‌ಆ್ಯಪ್ ಮೇಲೆ ನಡೆಯುತ್ತಿದೆ.

ದಾರಿ ಯಾವುದಾದರೂ ಗಡಿಯಾರ ಒಂದೇ. ದಿನಪತ್ರಿಕೆಯ ವರದಿಗಾರ ಬೆಳಿಗ್ಗೆ ವಿಷಯ ಒಪ್ಪಿಸಿ, ಹಗಲು ಓಡಾಡಿ, ಮಧ್ಯಾಹ್ನದ ನಂತರ ಬರೆಯಲು ಕೂರುತ್ತಾನೆ. ದೂರದ ಊರುಗಳಿಗೆ ಹೋಗುವ ಆವೃತ್ತಿ ನಗರದ ಆವೃತ್ತಿಗಿಂತ ಮೊದಲೇ ಮುದ್ರಣಕ್ಕೆ ಹೋಗಬೇಕು. ಹೀಗಾಗಿ ಮಧ್ಯಾಹ್ನ ಮೂರಕ್ಕೆ ಬಂದ ಕರೆಗೆ ಸಂಜೆ ಐದರೊಳಗೆ ಕೊಟ್ಟ ಸಾಧಾರಣ ಉತ್ತರ ಅಚ್ಚಾಗುತ್ತದೆ, ರಾತ್ರಿ ಒಂಬತ್ತಕ್ಕೆ ಕಳುಹಿಸಿದ ಅತ್ಯುತ್ತಮ ಉತ್ತರ ಅಚ್ಚಾಗುವುದಿಲ್ಲ. ಆದ್ದರಿಂದ ಕರೆ ಬಂದಾಗ ತಜ್ಞರು ಮೊದಲು ಕೇಳಬೇಕಾದದ್ದು ‘ಎಷ್ಟು ಗಂಟೆಯೊಳಗೆ ಬೇಕು’ ಎಂದು. ಎರಡನೆಯದು ‘ವರದಿ ಯಾವುದರ ಬಗ್ಗೆ, ಬೇರೆ ಯಾರು ಏನು ಹೇಳಿದ್ದಾರೆ’ ಎಂದು. ಈ ಎರಡು ಪ್ರಶ್ನೆಗಳನ್ನು ಕೇಳಿ ‘ಇಪ್ಪತ್ತು ನಿಮಿಷ ಬಿಟ್ಟು ನಾನೇ ಕರೆ ಮಾಡುತ್ತೇನೆ’ ಎಂದರೆ ಯಾವ ವರದಿಗಾರನೂ ಬೇಸರ ಮಾಡಿಕೊಳ್ಳುವುದಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಮೂರು ವಾಕ್ಯ ಬರೆದಿಟ್ಟುಕೊಳ್ಳಬಹುದು. ಮಾತು ಕೊಟ್ಟ ಹೊತ್ತಿಗೆ ಕರೆ ಮಾಡದಿದ್ದರೆ ಮಾತ್ರ ಆ ಹೆಸರು ಫೋನ್ ಪುಸ್ತಕದಲ್ಲಿ ಕೆಳಕ್ಕೆ ಇಳಿಯುತ್ತದೆ.

ಆ ಮೂರು ವಾಕ್ಯ ಹೇಗಿರಬೇಕು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಜುಲೈ ಕೊನೆಯ ವಾರ. ಮಲೆನಾಡಿನಲ್ಲಿ ಮಳೆ ಬಿಟ್ಟೂ ಬಿಡದೆ ಹುಯ್ಯುತ್ತಿದೆ, ತೀರ್ಥಹಳ್ಳಿಯ ಸುತ್ತ ಅಡಿಕೆಗೆ ಕೊಳೆರೋಗ ಬಂದಿದೆ. ವರದಿಗಾರ ಒಬ್ಬ ಸಸ್ಯರೋಗ ತಜ್ಞರಿಗೆ ಕರೆ ಮಾಡಿ ಕೇಳುತ್ತಾನೆ: “ಸಾರ್, ಔಷಧಿ ಹೊಡೆದರೂ ಕೊಳೆ ಬಂದಿದೆ ಅಂತಿದ್ದಾರೆ ಬೆಳೆಗಾರರು. ಔಷಧಿ ಕೆಲಸ ಮಾಡ್ತಿಲ್ವಾ?”

ತಜ್ಞರ ಬಾಯಿಗೆ ಮೊದಲು ಬರುವ ಉತ್ತರ ಬಹುಶಃ ಹೀಗಿರುತ್ತದೆ: “ಅಡಿಕೆಯ ಕೊಳೆರೋಗವು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಉಂಟಾಗುವ ರೋಗವಾಗಿದ್ದು, ಇದರ ತೀವ್ರತೆಯು ಮಳೆಯ ಪ್ರಮಾಣ, ಉಷ್ಣಾಂಶ, ವಾತಾವರಣದ ತೇವಾಂಶ ಮುಂತಾದ ಹಲವಾರು ಅಂಶಗಳನ್ನು ಅವಲಂಬಿಸಿರುತ್ತದೆ. ರೈತರು ಶಿಫಾರಸು ಮಾಡಲಾದ ಸಮಗ್ರ ನಿರ್ವಹಣಾ ಕ್ರಮಗಳನ್ನು ಅನುಸರಿಸುವುದು ಸೂಕ್ತ.” ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದು ಯಾವ ವರ್ಷಕ್ಕಾದರೂ ಹೊಂದುವ ಮಾತು. ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ವರದಿಗಾರ ಇದನ್ನು ಬರೆದುಕೊಂಡು, ಧನ್ಯವಾದ ಹೇಳಿ, ಇನ್ನೊಬ್ಬರಿಗೆ ಕರೆ ಮಾಡುತ್ತಾನೆ.

ಎರಡನೆಯ ಪ್ರಯತ್ನ ಇನ್ನೂ ಆಸಕ್ತಿಯದು: “ಔಷಧಿ ಕೆಲಸ ಮಾಡಿಲ್ಲ ಅನ್ನುವುದು ಸರಿಯಲ್ಲ. ಎರಡನೇ ಸಲ ಹೊಡೆಯುವುದು ತಡವಾಗಿದೆ, ಅದಕ್ಕೇ ಕೊಳೆ ಬಂದಿದೆ. ಆದರೆ ಇದು ನಾವು ನೋಡಿದ ತೋಟಗಳ ಮಾತು, ಎಲ್ಲ ಕಡೆಗೂ ಅನ್ವಯಿಸುತ್ತದೆ ಎನ್ನಲಾರೆ.” ಇದು ನೇರವಾಗಿದೆ, ಪ್ರಾಮಾಣಿಕವಾಗಿದೆ. ಆದರೂ ಎರಡು ಕಡೆ ಅಪಾಯವಿದೆ, ಎರಡೂ ಕತ್ತರಿಯಿಂದ ಬರುವಂಥವು. ವರದಿ ವರದಿಗಾರನ ಕೈಯಿಂದ ಡೆಸ್ಕಿಗೆ ಹೋಗುತ್ತದೆ. ಅಲ್ಲಿ ಪುಟ ಕಟ್ಟುವ ಉಪಸಂಪಾದಕರ ಮುಂದೆ ಜಾಗ ಇಷ್ಟೇ ಎಂದು ನಿಗದಿಯಾಗಿರುತ್ತದೆ; ನಾಲ್ಕು ಸಾಲಿನಲ್ಲಿ ಒಂದು ಸಾಲು ಹೋಗಲೇಬೇಕು. ಅವರು ಅಡಿಕೆಯನ್ನು ಬಲ್ಲವರೇ ಆಗಿರಬೇಕೆಂದಿಲ್ಲ. ಮೊದಲು ಬೀಳುವುದು ಕೊನೆಯ ವಾಕ್ಯ. ಅದು ಹೋದರೆ, ಎಚ್ಚರದಿಂದ ಹೇಳಿದ ಮಾತು ಇಡೀ ಮಲೆನಾಡಿನ ಬೆಳೆಗಾರರ ಮೇಲಿನ ಆರೋಪವಾಗುತ್ತದೆ. ಎರಡನೆಯ ಅಪಾಯ ಮೊದಲ ವಾಕ್ಯದಲ್ಲಿದೆ. ಪ್ರಶ್ನೆಯಲ್ಲಿದ್ದ ತಪ್ಪು ಮಾತನ್ನು ಅಲ್ಲಗಳೆಯುವ ಸಲುವಾಗಿ ತಜ್ಞರು ಅದನ್ನೇ ಮತ್ತೊಮ್ಮೆ ನುಡಿದಿದ್ದಾರೆ. ‘ಔಷಧಿ ಕೆಲಸ ಮಾಡಿಲ್ಲ’ ಎಂಬುದು ಈಗ ಅವರ ಬಾಯಿಂದ ಬಂದ ಮಾತು, ಶೀರ್ಷಿಕೆಗೆ ಸಿಕ್ಕಿಬೀಳಬಲ್ಲ ಮಾತು.

ಹಾಗಾಗಿ ಪ್ರತಿಕ್ರಿಯೆ ಬರೆಯುವಾಗ ನೆನಪಿಡಬೇಕಾದ ಮುಖ್ಯ ಸಂಗತಿ ಎಂದರೆ, ಅದು ಕತ್ತರಿಸಲ್ಪಡುತ್ತದೆ ಎಂಬುದು. ಯಾವ ವಾಕ್ಯ ಉಳಿದು ಯಾವುದು ಹೋಗುತ್ತದೆ ಎಂಬುದು ಹೇಳಿದವರ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು, ಪ್ರತಿಯೊಂದು ವಾಕ್ಯವೂ ಒಂಟಿಯಾಗಿ ಉಳಿದರೂ ಸುಳ್ಳಾಗದಂತೆ ಕಟ್ಟುವುದು. ಮಿತಿಯನ್ನು ಹೇಳುವ ಮಾತು ಬೇರೆ ವಾಕ್ಯವಾಗಿ ಹಿಂದೆ ಬರಬಾರದು, ಮುಖ್ಯ ಮಾತಿನ ಒಳಗೇ ಹೊಲಿದುಕೊಂಡಿರಬೇಕು. ತಪ್ಪು ಮಾತನ್ನು ಮರುನುಡಿಯದೆ ಸರಿಯಾದದ್ದನ್ನೇ ಹೇಳಬೇಕು. ‘ಅದಕ್ಕೇ’, ‘ಇದರಿಂದಾಗಿ’ ಎಂದು ಹಿಂದಿನ ವಾಕ್ಯಕ್ಕೆ ಜೋತುಬಿದ್ದ ವಾಕ್ಯಗಳು ಹಿಂದಿನದು ಹೋದಾಗ ಅರ್ಥ ಕಳೆದುಕೊಳ್ಳುತ್ತವೆ.

ಈ ದೃಷ್ಟಿಯಿಂದ ತಿದ್ದಿದರೆ ಅದೇ ಉತ್ತರ ಹೀಗಾಗುತ್ತದೆ: “ನಾವು ನೋಡಿದ ತೋಟಗಳಲ್ಲಿ, ಎರಡನೇ ಸಿಂಪಡಣೆಗೆ ಮಳೆ ಬಿಡುವು ಕೊಡದ ಕಡೆಯೇ ಕೊಳೆ ಹೆಚ್ಚಾಗಿದೆ. ಒಮ್ಮೆ ಹೊಡೆದ ಬೋರ್ಡೊ ದ್ರಾವಣ ಕಾಯಿಯನ್ನು ಕಾಯುವುದು ಸುಮಾರು 40ರಿಂದ 45 ದಿನ; ಮೇ ಕೊನೆಯಲ್ಲಿ ಹೊಡೆದವರಿಗೆ ಆ ರಕ್ಷಣೆ ಜುಲೈ ಮಧ್ಯಕ್ಕೇ ಮುಗಿದಿದೆ. ಮಳೆ ಬಿಟ್ಟ ಕೂಡಲೇ ಉದುರಿದ ಕಾಯಿಗಳನ್ನು ಆರಿಸಿ ತೋಟದಿಂದ ಹೊರಹಾಕಿ, ಶೇ 1ರ ಬೋರ್ಡೊ ದ್ರಾವಣವನ್ನು ಅಂದೇ ತಯಾರಿಸಿ ಗೊನೆಗೆ ಹೊಡೆಯಬೇಕು.”

ಇಲ್ಲಿರುವುದು ಮೂರು ವಾಕ್ಯ, ನಲವತ್ತೈದು ಪದಗಳ ಆಸುಪಾಸು. ಮೊದಲನೆಯದು ಪ್ರಶ್ನೆಗೆ ಉತ್ತರ, ಎರಡನೆಯದು ಕಾರಣ, ಮೂರನೆಯದು ಓದುಗ ಈಗ ಮಾಡಬೇಕಾದ ಕೆಲಸ. ಯಾವುದನ್ನು ತೆಗೆದರೂ ಉಳಿದೆರಡು ನಿಲ್ಲುತ್ತವೆ. ಒಂದೇ ಒಂದು ಉಳಿದರೂ ಅದರಲ್ಲಿ ಸುಳ್ಳಿಲ್ಲ. ‘ನಾವು ನೋಡಿದ ತೋಟಗಳಲ್ಲಿ’ ಎಂಬುದನ್ನು ವಾಕ್ಯ ಒಡೆಯದೆ ತೆಗೆಯುವುದು ಕಷ್ಟವಲ್ಲವಾದರೂ, ವಾಕ್ಯ ಅಲ್ಲಿಂದಲೇ ಶುರುವಾಗುವುದರಿಂದ ಅದನ್ನು ಮುಟ್ಟುವವರು ಕಡಿಮೆ. ಬೆಳೆಗಾರರ ಮೇಲೆ ತಪ್ಪು ಹೊರಿಸುವ ದನಿಯೂ ಹೋಗಿದೆ. ತಡವಾಗಲು ಕಾರಣ ಮಳೆ ಎಂಬುದು ಮಾತಿನಲ್ಲೇ ಇದೆ. ಸೂಕ್ಷ್ಮಜೀವಿಯ ಹೆಸರು ಬಿಟ್ಟುಹೋಗಿದೆ, ಅದರಿಂದ ಓದುಗನಿಗೆ ಏನೂ ನಷ್ಟವಿಲ್ಲ. ದಿನಗಳ ಲೆಕ್ಕವಾಗಿ 40ರಿಂದ 45 ದಿನ ಎಂಬುದೊಂದೇ ಉಳಿದಿದೆ, ಏಕೆಂದರೆ ಬೆಳೆಗಾರ ತನ್ನ ಸಿಂಪಡಣೆಯ ದಿನದಿಂದ ಎಣಿಸಿಕೊಳ್ಳಬಲ್ಲದ್ದು ಅದೊಂದನ್ನೇ. ಎರಡು ಮೂರು ಅಂಕಿಗಳಿದ್ದರೆ ಫೋನಿನಲ್ಲಿ ಒಂದಾದರೂ ತಪ್ಪಾಗಿ ಬರೆದುಕೊಳ್ಳುವ ಸಂಭವ ಹೆಚ್ಚು.

ಕರೆ ಇಷ್ಟಕ್ಕೇ ಮುಗಿಯುವುದಿಲ್ಲ. ವರದಿಗಾರ ಇನ್ನೊಂದು ಪ್ರಶ್ನೆ ಹಾಕುತ್ತಾನೆ: “ಮೈಲುತುತ್ತವೇ ಕಲಬೆರಕೆ ಅಂತಾರಲ್ಲ ಸಾರ್, ನಿಜವೇ?” ಇದು ತಜ್ಞರು ಜಾರಿಬೀಳುವ ಜಾಗ. ‘ಇದ್ದರೂ ಇರಬಹುದು’ ಎಂದು ಸುಮ್ಮನೆ ಅಂದದ್ದು ಮರುದಿನ ‘ಕಲಬೆರಕೆ ಶಂಕೆ: ತಜ್ಞರು’ ಎಂದು ಬರಬಹುದು, ಊರಿನ ಅಂಗಡಿಯವನ ವ್ಯಾಪಾರಕ್ಕೆ ಕಲ್ಲು ಬೀಳಬಹುದು. ‘ನೋ ಕಾಮೆಂಟ್ಸ್’ ಎಂದರೆ ಏನನ್ನೋ ಮುಚ್ಚಿಟ್ಟಂತೆ ಕೇಳಿಸುತ್ತದೆ. ತನಗೆ ಗೊತ್ತಿರುವುದು ಎಲ್ಲಿಗೆ ನಿಲ್ಲುತ್ತದೆಂದು ಹೇಳಿ, ಆ ಗಡಿಯ ಈಚೆ ಇರುವ ಉಪಯುಕ್ತವಾದದ್ದೊಂದನ್ನು ಕೊಡುವುದು ಮೇಲು: “ಕಲಬೆರಕೆಯೋ ಅಲ್ಲವೋ ಎಂಬುದನ್ನು ಪ್ರಯೋಗಾಲಯದ ಪರೀಕ್ಷೆಯಷ್ಟೇ ಹೇಳಬಲ್ಲದು. ದ್ರಾವಣದಲ್ಲಿ ಸುಣ್ಣ ಸಾಕಾಗಿದೆಯೇ ಎಂದು ಬೆಳೆಗಾರರೇ ನೋಡಬಹುದು: ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣದ ತಿಳಿ ಇನ್ನಷ್ಟು ಬೇಕು.” ವರದಿಗಾರನಿಗೆ ಆರೋಪದ ಬದಲು ಒಂದು ಒಳ್ಳೆಯ ವಿವರ ಸಿಕ್ಕಿತು. ಬಹುಮಟ್ಟಿಗೆ ಇದೇ ಚೌಕಟ್ಟಿಗೆ ಹೋಗುತ್ತದೆ, ಏಕೆಂದರೆ ಓದುಗ ಇದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾನೆ ಎಂದು ಡೆಸ್ಕಿಗೂ ಗೊತ್ತು.

ಫೋನಿನಲ್ಲಿ ಹೇಳಿದ್ದನ್ನು ಕೂಡಲೇ ಬರಹದಲ್ಲೂ ಕಳುಹಿಸುವುದು ಇಬ್ಬರಿಗೂ ಒಳಿತು. ಹಾಗೆ ಕಳುಹಿಸುವಾಗ ಪ್ರತಿಕ್ರಿಯೆಯನ್ನು ಮೊದಲು ಹಾಕಿ, ಅದರ ಕೆಳಗೆ ಅಚ್ಚಾಗಬೇಕಾದ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಬೇಕು. ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ಡೆಸ್ಕಿನವರು ಊಹಿಸಿ ಕನ್ನಡಕ್ಕೆ ತರುತ್ತಾರೆ. ದೀರ್ಘ, ಒತ್ತು, ‘ನ’ ‘ಣ’ಗಳು ಅಲ್ಲೇ ಹಾಳಾಗುವುದು. ಹುದ್ದೆ ಮತ್ತು ಸಂಸ್ಥೆಯ ಹೆಸರು ಒಂದೇ ಸಾಲಿನಲ್ಲಿ ಮುಗಿಯಬೇಕು. ಪದವಿಗಳ ಪಟ್ಟಿಗೆ ಜಾಗವಿಲ್ಲ. ಕರೆ ಮಾಡಿದರೆ ಸಿಗುವ ಸಂಖ್ಯೆ, ಮುಖ ಸ್ಪಷ್ಟವಾಗಿ ಕಾಣುವ ಒಂದು ಚಿತ್ರ ಇದ್ದರೆ ಸಾಕು. ವಾಟ್ಸ್‌ಆ್ಯಪಿನಲ್ಲಿ ಚಿತ್ರ ಕುಗ್ಗುವುದರಿಂದ ಅದನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸುವುದು ವಾಸಿ. ಮುಚ್ಚಿಡಬಾರದ ಇನ್ನೊಂದು ವಿವರವಿದೆ. ಮೇಲಿನ ಉದಾಹರಣೆಯ ತಜ್ಞರು ಔಷಧಿ ಕಂಪನಿಯೊಂದರ ಸಲಹೆಗಾರರೂ ಆಗಿದ್ದರೆ ಅದನ್ನು ಕೇಳುವ ಮೊದಲೇ ಹೇಳಬೇಕು. ಹೇಳಿದರೆ ವರದಿಗಾರ ಅದನ್ನೂ ಸೇರಿಸಿ ಬರೆಯುತ್ತಾನೆ ಅಥವಾ ಬೇರೊಬ್ಬರನ್ನು ಕೇಳುತ್ತಾನೆ. ಹೇಳದೆ ಇದ್ದು ಆಮೇಲೆ ಬಯಲಾದರೆ ವರದಿಗಾರನ ಹೆಸರೂ ಕೆಡುತ್ತದೆ, ಆತ ಅದನ್ನು ಮರೆಯುವುದಿಲ್ಲ.

ಪತ್ರಕರ್ತನೊಂದಿಗೆ ಆಡಿದ ಮಾತೆಲ್ಲ, ಬೇರೆ ಒಪ್ಪಂದವಿಲ್ಲದಿದ್ದರೆ, ಅಚ್ಚಿಗೆ ಹೋಗಬಹುದಾದ ಮಾತೇ. ‘ಆಫ್ ದಿ ರೆಕಾರ್ಡ್’ ಎಂಬುದನ್ನು ಹೇಳುವ ಮೊದಲು ಕೇಳಿ ಒಪ್ಪಿಗೆ ಪಡೆಯಬೇಕು. ಎಲ್ಲ ಹೇಳಿ ಮುಗಿಸಿ ‘ಇದನ್ನು ಬರೆಯಬೇಡಿ’ ಎಂದರೆ ಅದಕ್ಕೆ ಬದ್ಧನಾಗುವ ಕಟ್ಟುಪಾಡು ಆತನಿಗಿಲ್ಲ. ಹೆಸರು ಬೇಡ, ಮಾಹಿತಿ ಮಾತ್ರ ಬಳಸಿಕೊಳ್ಳಿ ಎಂಬ ಒಪ್ಪಂದವೂ ಹಾಗೆಯೇ ಮೊದಲೇ ಆಗಬೇಕು. ಇಡೀ ವರದಿಯನ್ನು ಪ್ರಕಟಣೆಗೆ ಮುಂಚೆ ತೋರಿಸಿ ಎಂದು ಕೇಳಿದರೆ ಸಾಮಾನ್ಯವಾಗಿ ಇಲ್ಲ ಎಂಬ ಉತ್ತರವೇ ಬರುತ್ತದೆ, ಅದು ನ್ಯಾಯವೂ ಹೌದು. ವರದಿಯಲ್ಲಿ ಬೇರೆಯವರ ಮಾತೂ ಇರುತ್ತದೆ, ಅದನ್ನು ತಿದ್ದುವ ಹಕ್ಕು ತಜ್ಞರಿಗಿಲ್ಲ. ‘ನಾನು ಹೇಳಿದ್ದನ್ನಷ್ಟೇ ಒಮ್ಮೆ ಓದಿ ಹೇಳಿ’ ಎಂದರೆ ಮಾತ್ರ ಬಹಳಷ್ಟು ವರದಿಗಾರರು ಒಪ್ಪುತ್ತಾರೆ. ತಾಂತ್ರಿಕ ವಿಷಯದಲ್ಲಿ ಅವರಿಗೂ ಅದು ಬೇಕಾಗಿರುತ್ತದೆ.

ಯಾರು ಮಾತಾಡಬಹುದು ಎಂಬುದಕ್ಕೆ ನಿಯಮದ ಬೇಲಿಯೂ ಇದೆ. ವೈದ್ಯರ ವೃತ್ತಿನಡತೆಯ ಕುರಿತು ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ರೂಪಿಸಿದ ನಿಯಮಗಳು, ರೋಗ ಮತ್ತು ಚಿಕಿತ್ಸೆಯ ಬಗ್ಗೆ ತಮ್ಮ ಜಾಹೀರಾತಿನಂತೆ ಕಾಣುವ ಸಂದರ್ಶನ, ಲೇಖನಗಳನ್ನು ಕೊಡಬಾರದೆನ್ನುತ್ತವೆ. ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯದ ಬಗ್ಗೆ ಸ್ವಂತ ಹೆಸರಿನಲ್ಲಿ ಬರೆಯಲು ಅಡ್ಡಿಯಿಲ್ಲ. ಡೆಂಗಿ ಜ್ವರದಲ್ಲಿ ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು ಎಂದು ಹೇಳುವ ವೈದ್ಯರು ಗೆರೆಯ ಈಚೆ ಇದ್ದಾರೆ. ತಮ್ಮ ಆಸ್ಪತ್ರೆಯಲ್ಲಿ ಮಾತ್ರ ಇಂಥ ಚಿಕಿತ್ಸೆ ಇದೆ ಎನ್ನುವವರು ಗೆರೆ ದಾಟಿದ್ದಾರೆ. ವಕೀಲರಿಗೆ ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಇನ್ನೂ ಬಿಗಿ. ತಾವು ನಡೆಸಿದ ಪ್ರಕರಣಗಳಿಗೆ ಸಂಬಂಧಿಸಿ ಪತ್ರಿಕೆಗಳಲ್ಲಿ ಟಿಪ್ಪಣಿ ಬರುವಂತೆ ಮಾಡುವುದು, ಚಿತ್ರ ಹಾಕಿಸಿಕೊಳ್ಳುವುದು ಕಕ್ಷಿದಾರರನ್ನು ಸೆಳೆಯುವ ಪ್ರಯತ್ನವೆಂದು ಅದು ನಿಷೇಧಿಸುತ್ತದೆ. ಹೊಸ ಕಾನೂನೊಂದರ ಅರ್ಥ ವಿವರಿಸುವ ಮಾತು ಆ ಸಾಲಿಗೆ ಬರುವುದಿಲ್ಲ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ. ಸರ್ಕಾರದ ನೀತಿಯನ್ನು ಟೀಕಿಸುವ ಮಾತಿಗೆ ಅಲ್ಲಿ ಅವಕಾಶವಿಲ್ಲ, ಪತ್ರಿಕೆಗೆ ಹೇಳಿಕೆ ಕೊಡಲು ಮೇಲಧಿಕಾರಿಯ ಅನುಮತಿ ಬೇಕಾಗುವ ಸಂದರ್ಭಗಳೂ ಇವೆ. ಸರ್ಕಾರಿ ಸಂಶೋಧನಾ ಸಂಸ್ಥೆಯ ಎಷ್ಟೋ ಮಂದಿ ವಿಷಯ ಚೆನ್ನಾಗಿ ಬಲ್ಲವರಾಗಿದ್ದೂ ಮೌನವಾಗಿರುವುದು, ನಿವೃತ್ತರ ಹೆಸರೇ ಪತ್ರಿಕೆಯಲ್ಲಿ ಹೆಚ್ಚಾಗಿ ಕಾಣುವುದು ಈ ಕಾರಣದಿಂದ. ಇದು ಓದುಗರಿಗೆ ನಿಜಕ್ಕೂ ನಷ್ಟ. ಇಲಾಖೆಗಳು ತಾಂತ್ರಿಕ ವಿಷಯಗಳಿಗಾದರೂ ಮಾತಾಡಬಲ್ಲವರನ್ನು ಮೊದಲೇ ಗೊತ್ತುಮಾಡಿ ಅನುಮತಿ ಕೊಟ್ಟಿಟ್ಟರೆ ಕೊಳೆರೋಗದಂಥ ದಿನಗಳಲ್ಲಿ ಸರಿಯಾದ ಮಾತು ಬೇಗ ತಲುಪುತ್ತದೆ.

ವಿಷಯ ತಮ್ಮದಲ್ಲ ಎನಿಸಿದಾಗ ಬಲ್ಲವರ ಹೆಸರು, ಅವರನ್ನು ಕೇಳಿ, ಕೊಡುವುದು ಒಳ್ಳೆಯ ತಜ್ಞರ ಲಕ್ಷಣ. ಅಡಿಕೆಯ ರೋಗ ಬಲ್ಲವರನ್ನು ಅಡಿಕೆ ಧಾರಣೆಯ ಬಗ್ಗೆಯೂ ಕೇಳುತ್ತಾರೆ, ಆಮದು ನೀತಿಯ ಬಗ್ಗೆಯೂ ಕೇಳುತ್ತಾರೆ. ಒಮ್ಮೆ ಎಲ್ಲದಕ್ಕೂ ಉತ್ತರಿಸತೊಡಗಿದವರು ಎಲ್ಲ ಚೌಕಟ್ಟುಗಳಲ್ಲೂ ಕಾಣಿಸಿಕೊಳ್ಳುತ್ತಾರೆ, ಆದರೆ ಅವರ ಕ್ಷೇತ್ರದವರು ಅವರ ಮಾತನ್ನು ನಂಬುವುದನ್ನು ನಿಲ್ಲಿಸುತ್ತಾರೆ.

ಮರುದಿನ ವರದಿಯನ್ನು ಓದಿ ನೋಡುವಾಗ ಎರಡು ಬಗೆಯ ಬದಲಾವಣೆಯನ್ನು ಬೇರೆಬೇರೆಯಾಗಿ ಕಾಣಬೇಕು. ಮಾತು ಚಿಕ್ಕದಾಗಿದ್ದರೆ, ಪದಗಳು ಸರಳವಾಗಿದ್ದರೆ, ಅದು ಸಂಪಾದನೆ. ದೂರಲು ಏನೂ ಇಲ್ಲ. ಅರ್ಥ ಬದಲಾಗಿದ್ದರೆ ಅದು ತಪ್ಪು. 45 ದಿನ ಎಂಬುದು 15 ದಿನ ಎಂದು ಅಚ್ಚಾಗಿದ್ದರೆ ಬೆಳೆಗಾರ ಸುಮ್ಮನೆ ಮೂರು ಪಟ್ಟು ಖರ್ಚು ಮಾಡಿಕೊಳ್ಳುತ್ತಾನೆ. ಅಂಥ ಸಂದರ್ಭದಲ್ಲಿ ಬೆಳಿಗ್ಗೆಯೇ ವರದಿಗಾರನಿಗೆ ಕರೆ ಮಾಡಿ, ಅಚ್ಚಾದದ್ದು ಇದು, ಆಗಬೇಕಾದದ್ದು ಇದು ಎಂದು ಒಂದೇ ವಾಕ್ಯದಲ್ಲಿ ಬರೆದು ಕಳುಹಿಸಬೇಕು; ಮೊದಲೇ ಬರಹದಲ್ಲಿ ಕಳುಹಿಸಿದ ಪ್ರತಿಕ್ರಿಯೆ ಈಗ ನೆರವಿಗೆ ಬರುತ್ತದೆ. ಜಾಲತಾಣದ ಪ್ರತಿಯನ್ನು ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಹುದು. ಮುದ್ರಿತ ಪತ್ರಿಕೆಯಲ್ಲಿ ಮರುದಿನ ತಿದ್ದುಪಡಿ ಹಾಕಬೇಕಾಗುತ್ತದೆ. ಗಂಭೀರ ತಪ್ಪನ್ನು ಕೂಡಲೇ, ಸೂಕ್ತ ಪ್ರಾಮುಖ್ಯದೊಂದಿಗೆ ತಿದ್ದಿ ಪ್ರಕಟಿಸಬೇಕೆಂದು ಭಾರತೀಯ ಪತ್ರಿಕಾ ಮಂಡಳಿಯ ನಡತೆ ಸೂತ್ರಗಳು ಹೇಳುತ್ತವೆ. ವರದಿಗಾರನಿಂದ ಆಗದಿದ್ದರೆ ಸಂಪಾದಕರಿಗೆ ಪತ್ರ ಬರೆಯಬೇಕು. ಮಂಡಳಿಗೆ ದೂರು ಕೊಡುವವರು ಸಹ ಅದಕ್ಕೂ ಮೊದಲು ಸಂಪಾದಕರ ಗಮನಕ್ಕೆ ತಂದಿರಲೇಬೇಕೆಂಬುದು ಅಲ್ಲಿನ ಕ್ರಮ.